ರಜೆ ಮುಗಿಯಿತು, ಅಮ್ಮ ಇನ್ನೂ ವಾರ್ಡಿನಲ್ಲಿ

ರಜೆ ಅರ್ಜಿಯಲ್ಲಿ ಎರಡು ತಾರೀಖು ಇರಲೇಬೇಕು: ಎಂದಿನಿಂದ, ಎಂದಿನವರೆಗೆ. ಮನೆಯವರೊಬ್ಬರು ಆಸ್ಪತ್ರೆ ಸೇರಿದಾಗ ಮೊದಲನೆಯ ತಾರೀಖು ಎಲ್ಲರಿಗೂ ಗೊತ್ತಿರುತ್ತದೆ. ಎರಡನೆಯದು ವೈದ್ಯರಿಗೂ ಗೊತ್ತಿರುವುದಿಲ್ಲ. ಅವರು ‘ನಾಲ್ಕೈದು ದಿನ ಆಗಬಹುದು’ ಎನ್ನುತ್ತಾರೆ, ಮನೆಯವರು ಅದಕ್ಕೆ ಇನ್ನೆರಡು ದಿನ ಸೇರಿಸಿ ಅರ್ಜಿ ಬರೆಯುತ್ತಾರೆ, ಮೇಲಧಿಕಾರಿ ಮಂಜೂರು ಮಾಡುತ್ತಾರೆ. ಆಮೇಲೆ ಜ್ವರ ಬರುತ್ತದೆ, ಹೊಲಿಗೆ ಹಾಕಿದ ಜಾಗದಲ್ಲಿ ನೀರು ತುಂಬುತ್ತದೆ, ಇಲ್ಲವೇ ರಕ್ತಪರೀಕ್ಷೆಯ ಯಾವುದೋ ಅಂಕಿ ಸರಿಹೋಗುವುದಿಲ್ಲ. ಡಿಸ್ಚಾರ್ಜ್ ಮುಂದೆ ಹೋಗುತ್ತದೆ, ರಜೆಯ ಕೊನೆಯ ದಿನ ಮಾತ್ರ ಅಲ್ಲೇ ನಿಂತಿರುತ್ತದೆ.

ಹೀಗಾದಾಗ ರಜೆಯನ್ನು ಮುಂದುವರಿಸಲು ಕೇಳುವುದು ಒಂದು ಸಣ್ಣ ಔಪಚಾರಿಕತೆ ಎಂದು ಹೆಚ್ಚಿನವರು ತಿಳಿದಿರುತ್ತಾರೆ. ‘ಒಂದು ಸಲ ಕೊಟ್ಟಿದ್ದಾರಲ್ಲ, ಇನ್ನೈದು ದಿನ ತಾನೇ’ ಎಂದುಕೊಂಡು ವಾಟ್ಸ್ಆ್ಯಪ್‌ನಲ್ಲಿ ಒಂದು ಸಾಲು ಕಳಿಸಿ ಮತ್ತೆ ವಾರ್ಡಿಗೆ ಓಡುತ್ತಾರೆ. ನಿಯಮದ ಕಣ್ಣಿನಲ್ಲಿ ಅದು ಹಾಗಿಲ್ಲ. ಮುಂದುವರಿಸಿದ ರಜೆಯೂ ಮಂಜೂರಾಗಬೇಕಾದ ರಜೆಯೇ. ಅದು ಮಂಜೂರಾಗದೆ ಕಳೆದ ಪ್ರತಿಯೊಂದು ದಿನವೂ ಗೈರುಹಾಜರಿ.

ಇದು ಹೇಗೆ ನಡೆಯುತ್ತದೆಂದು ನೋಡಲು ಕೇಂದ್ರ ಸರ್ಕಾರಿ ನೌಕರರ ನಿಯಮಗಳನ್ನು ತೆಗೆದುಕೊಳ್ಳಬಹುದು. ಬೆಂಗಳೂರಿನ ಆದಾಯ ತೆರಿಗೆ ಕಚೇರಿಯಿಂದ ಹಿಡಿದು ಊರೂರಿನ ಅಂಚೆ ಕಚೇರಿಗಳವರೆಗೆ ಕರ್ನಾಟಕದಲ್ಲಿ ಸಾವಿರಾರು ಮಂದಿಗೆ 1972ರ ಕೇಂದ್ರ ನಾಗರಿಕ ಸೇವಾ ರಜೆ ನಿಯಮಗಳು ಅನ್ವಯಿಸುತ್ತವೆ. ವರ್ಷಕ್ಕೆ 30 ದಿನ ಗಳಿಕೆ ರಜೆ, 20 ದಿನ ಅರ್ಧವೇತನ ರಜೆ, 8 ದಿನ ಸಾಂದರ್ಭಿಕ ರಜೆ, 2 ನಿರ್ಬಂಧಿತ ರಜೆ: ಇದು ಅವರ ಬುತ್ತಿ. ಮೊದಲ ಎರಡು ಜನವರಿ ಮತ್ತು ಜುಲೈ ಒಂದರಂದು ಅರ್ಧರ್ಧವಾಗಿ ಖಾತೆಗೆ ಜಮೆಯಾಗುತ್ತವೆ. 2025ರ ಜುಲೈನಲ್ಲಿ ಕೇಂದ್ರ ಸಚಿವ ಜಿತೇಂದ್ರ ಸಿಂಗ್ ರಾಜ್ಯಸಭೆಯಲ್ಲಿ ಒಂದು ಪ್ರಶ್ನೆಗೆ ಉತ್ತರಿಸುತ್ತ, ವಯಸ್ಸಾದ ತಂದೆ ತಾಯಿಯ ಆರೈಕೆಯೂ ಸೇರಿದಂತೆ ಯಾವುದೇ ವೈಯಕ್ತಿಕ ಕಾರಣಕ್ಕೆ ಈ ರಜೆಗಳನ್ನು ಬಳಸಬಹುದು ಎಂದರು. ಹೆತ್ತವರ ಸೇವೆಗೆ ಸರ್ಕಾರ ಹೊಸದಾಗಿ 30 ದಿನ ರಜೆ ಕೊಟ್ಟಿದೆ ಎಂದು ಆಗ ಹಲವರು ಓದಿಕೊಂಡರು. ಹೊಸ ರಜೆ ಯಾವುದೂ ಬಂದಿರಲಿಲ್ಲ. ಇದ್ದ ರಜೆಯನ್ನು ಇದಕ್ಕೂ ಬಳಸಬಹುದೆಂಬ ಹಳೆಯ ಸಂಗತಿಯನ್ನೇ ಅವರು ಹೇಳಿದ್ದರು. ರಾಜ್ಯ ಸರ್ಕಾರಿ ನೌಕರರಿಗೆ ಕರ್ನಾಟಕ ನಾಗರಿಕ ಸೇವಾ ನಿಯಮಗಳು ಬೇರೆಯಾಗಿವೆ, ಆದರೆ ಗಳಿಕೆ ರಜೆ ಮತ್ತು ಅರ್ಧವೇತನ ರಜೆಯ ಚೌಕಟ್ಟು ಹೆಚ್ಚುಕಡಿಮೆ ಇದೇ.

ನಿಯಮ ಅರ್ಥವಾಗಲಿ ಎಂದು ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಬೆಂಗಳೂರಿನ ಕೇಂದ್ರ ಸರ್ಕಾರಿ ಕಚೇರಿಯೊಂದರಲ್ಲಿ ಕೆಲಸ ಮಾಡುವ ಮಹಿಳೆ, ವಾರಕ್ಕೆ ಐದು ದಿನ ಕಚೇರಿ. ತವರು ಹುಬ್ಬಳ್ಳಿ. ಅಲ್ಲಿ 74 ವರ್ಷದ ತಾಯಿ, ಅಂಗಡಿ ನಡೆಸುವ ತಮ್ಮ. 2025ರ ಸೆಪ್ಟೆಂಬರ್ 5, ಶುಕ್ರವಾರ, ಈದ್ ಮಿಲಾದ್ ರಜಾದಿನ. ಬೆಳಿಗ್ಗೆ ತಾಯಿ ಬಚ್ಚಲಿನಲ್ಲಿ ಜಾರಿಬಿದ್ದು ಸೊಂಟದ ಕೀಲಿನ ಬಳಿ ಮೂಳೆ ಮುರಿಯುತ್ತದೆ. ಮಗಳು ಅಂದೇ ಹೊರಟು ರಾತ್ರಿ ಆಸ್ಪತ್ರೆ ತಲುಪುತ್ತಾಳೆ.

ಇಂಥ ಮೂಳೆಮುರಿತಕ್ಕೆ ಒಂದೆರಡು ದಿನದೊಳಗೆ ಶಸ್ತ್ರಚಿಕಿತ್ಸೆ ಮಾಡುವುದು ಒಳ್ಳೆಯದು. ಆದರೆ ಈ ತಾಯಿ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು, ರಕ್ತ ಹೆಪ್ಪುಗಟ್ಟದಂತೆ ಕ್ಲೊಪಿಡೊಗ್ರೆಲ್ ಮಾತ್ರೆ ನುಂಗುತ್ತಿರುವವರು. ಬೆನ್ನುಹುರಿಯ ಬಳಿ ಸೂಜಿ ಚುಚ್ಚಿ ಅರಿವಳಿಕೆ ಕೊಡಬೇಕಾದರೆ ಆ ಮಾತ್ರೆ ನಿಲ್ಲಿಸಿ ಐದಾರು ದಿನ ಕಾಯಬೇಕೆಂದು ಅರಿವಳಿಕೆ ತಜ್ಞರು ಹೇಳುತ್ತಾರೆ. ಹಾಗಾಗಿ ಶಸ್ತ್ರಚಿಕಿತ್ಸೆ 12ಕ್ಕೆ ನಿಗದಿಯಾಗುತ್ತದೆ. ಅದಾದ ಐದು ದಿನಕ್ಕೆ, ಅಂದರೆ 17ರ ಸುಮಾರಿಗೆ ಮನೆಗೆ. ಮಗಳು ಎರಡು ದಿನ ಹೆಚ್ಚಿಟ್ಟುಕೊಂಡು 8ನೇ ತಾರೀಖು ಸೋಮವಾರದಿಂದ 19ನೇ ತಾರೀಖು ಶುಕ್ರವಾರದವರೆಗೆ 12 ದಿನ ಗಳಿಕೆ ರಜೆ ಕೇಳುತ್ತಾಳೆ. ನಡುವಿನ ಶನಿವಾರ ಭಾನುವಾರ ಅದರೊಳಗೆ ಸೇರಿವೆ. ರಜೆಯ ಹಿಂದಿನ ರಜಾದಿನಗಳನ್ನೂ ಮುಂದಿನ 20 ಮತ್ತು 21ರ ಶನಿವಾರ ಭಾನುವಾರಗಳನ್ನೂ ಜೋಡಿಸಿಕೊಳ್ಳಲು ಅನುಮತಿ ಸಿಗುತ್ತದೆ. ಅಂದರೆ ಸೋಮವಾರ 22ರಂದು ಕೆಲಸಕ್ಕೆ ಹಾಜರಾಗಬೇಕು. ಖಾತೆಯಲ್ಲಿದ್ದ ಗಳಿಕೆ ರಜೆ 14 ದಿನ, ಉಳಿದದ್ದು 2.

ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಗುತ್ತದೆ. 16ರ ಹೊತ್ತಿಗೆ ತಾಯಿಗೆ ಮಂಪರು, ಮಾತು ತೊದಲು, ಮಗಳನ್ನೇ ‘ಯಾರವ್ವಾ ನೀನು’ ಎಂದು ಕೇಳುವಷ್ಟು ಗೊಂದಲ. ರಕ್ತದಲ್ಲಿ ಸೋಡಿಯಂ ಇಳಿದಿದೆ, ಮೂತ್ರದಲ್ಲಿ ಸೋಂಕಿದೆ. ಮೂತ್ರದ ಕಲ್ಚರ್ ವರದಿ ಬರಲು ಎರಡು ಮೂರು ದಿನ ಬೇಕು, ಅದು ಬಂದ ಮೇಲೆ ಸರಿಯಾದ ಆ್ಯಂಟಿಬಯಾಟಿಕ್ ಕೆಲ ದಿನ ರಕ್ತನಾಳದ ಮೂಲಕ ಹೋಗಬೇಕು. ಸೋಡಿಯಂ ಅನ್ನು ಅವಸರದಲ್ಲಿ ಏರಿಸಿದರೆ ಮಿದುಳಿಗೆ ಅಪಾಯವಾದ್ದರಿಂದ ದಿನಕ್ಕಿಷ್ಟೇ ಎಂದು ನಿಧಾನವಾಗಿ ಏರಿಸುತ್ತಾರೆ. ‘ಅಕ್ಕಾ, ಡಾಕ್ಟ್ರು ಇನ್ನೊಂದು ವಾರ ಅಂತಾರ’ ಎಂದು ತಮ್ಮ ಬಂದು ಹೇಳುವುದು 17ರ ಬುಧವಾರ.

ರಜೆ ಮುಗಿಯಲು ಇನ್ನೂ ಎರಡು ದಿನ ಇದೆ. ಈ ಎರಡು ದಿನವೇ ಇಡೀ ವಿಷಯದ ಕೀಲಿ. ರಜೆ ಚಾಲ್ತಿಯಲ್ಲಿರುವಾಗ ಬಂದ ಅರ್ಜಿ ಒಂದು ಕೋರಿಕೆ. ರಜೆ ಮುಗಿದ ಮೇಲೆ ಬಂದ ಅರ್ಜಿ, ಅದೇ ಕಾರಣ ಅದೇ ಕಾಗದ ಇದ್ದರೂ, ಒಂದು ವಿವರಣೆ. ಕೋರಿಕೆಯನ್ನು ಅಧಿಕಾರಿ ಮುಂದಿನ ವ್ಯವಸ್ಥೆ ನೋಡಿಕೊಂಡು ಒಪ್ಪಬಹುದು. ವಿವರಣೆ ಬರುವ ಹೊತ್ತಿಗೆ ಹಾಜರಿ ಪುಸ್ತಕದಲ್ಲಿ ಗೈರು ಎಂದು ಬಿದ್ದಾಗಿರುತ್ತದೆ, ಅದನ್ನು ಅಳಿಸಲು ಅವರು ಕಾರಣ ದಾಖಲಿಸಬೇಕಾಗುತ್ತದೆ.

ಈ ವ್ಯತ್ಯಾಸಕ್ಕೆ ಹಣದ ಮುಖವೂ ಇದೆ. ರಜೆ ನಿಯಮಗಳ 25ನೇ ನಿಯಮ ಹೇಳುವುದು ಇಷ್ಟು: ಮಂಜೂರಾತಿ ಕೊಡಬಲ್ಲ ಅಧಿಕಾರಿ ರಜೆಯನ್ನು ವಿಸ್ತರಿಸದಿದ್ದರೆ, ರಜೆ ಮುಗಿದ ಮೇಲೂ ಬಾರದ ದಿನಗಳಿಗೆ ಸಂಬಳ ಇಲ್ಲ. ಆ ದಿನಗಳನ್ನು ಅರ್ಧವೇತನ ರಜೆ ತೆಗೆದುಕೊಂಡಂತೆ ಭಾವಿಸಿ ಖಾತೆಯಿಂದಲೂ ಕಳೆಯಬೇಕು. ಖಾತೆಯಲ್ಲಿ ಸಾಲದಿದ್ದರೆ ಉಳಿದದ್ದು ಅಸಾಧಾರಣ ರಜೆ. ಓದುವಾಗ ಕಣ್ಣಿಗೆ ಬೀಳದೆ ಹೋಗುವ ಪೆಟ್ಟು ಇಲ್ಲಿದೆ. ಅರ್ಧವೇತನ ರಜೆ ಖರ್ಚಾಗುತ್ತದೆ, ಅದಕ್ಕೆ ಬರಬೇಕಾದ ಅರ್ಧ ವೇತನವೂ ಬರುವುದಿಲ್ಲ. ಒಂದೇ ಗೈರುಹಾಜರಿಗೆ ಎರಡು ಕಡೆಯಿಂದ ಕಡಿತ. ಉದ್ದೇಶಪೂರ್ವಕವಾಗಿ ಬಾರದಿದ್ದರೆ ಶಿಸ್ತುಕ್ರಮವೂ ಆಗಬಹುದೆಂದು ಅದೇ ನಿಯಮದ ಮುಂದಿನ ಉಪನಿಯಮ ಸೇರಿಸುತ್ತದೆ.

ಹಾಗಿದ್ದರೆ ಮಗಳು ಎಷ್ಟು ದಿನ ಕೇಳಬೇಕು? ‘ಸೋಮವಾರ 22ರಿಂದ ಶುಕ್ರವಾರ 26, ಐದು ದಿನ’ ಎಂದು ಬರೆಯುವುದು ಸಹಜ, ಮತ್ತು ತಪ್ಪು. 20 ಮತ್ತು 21 ಇಲ್ಲಿಯವರೆಗೆ ರಜೆಯ ಬಾಲಕ್ಕೆ ಜೋಡಿಸಿದ್ದ ವಾರಾಂತ್ಯ. ಸೋಮವಾರ ಹಾಜರಾಗುತ್ತಾರೆ ಎಂಬ ಲೆಕ್ಕದ ಮೇಲೆ ಅವು ರಜೆಯ ಹೊರಗಿದ್ದವು. ಈಗ ಸೋಮವಾರವೂ ರಜೆಯೇ ಆದ್ದರಿಂದ ಆ ಎರಡು ದಿನ ಎರಡು ರಜೆಗಳ ನಡುವೆ ಸಿಕ್ಕಿಬೀಳುತ್ತವೆ, ನಡುವಿನ ರಜಾದಿನಗಳು ರಜೆಯಾಗಿಯೇ ಎಣಿಕೆಯಾಗುತ್ತವೆ. ವಿಸ್ತರಣೆ 20ರಿಂದ 26ರವರೆಗೆ ಏಳು ದಿನ. ವಾರಾಂತ್ಯವನ್ನು ಬಿಟ್ಟು ಬರೆದ ಅರ್ಜಿಗಳು ಎರಡು ದಿನದ ತಕರಾರಿನೊಂದಿಗೆ ತಿರುಗಿ ಬರುವುದು ಈ ಕಾರಣಕ್ಕೆ. ನೌಕರರು ಆಸ್ಪತ್ರೆಯಲ್ಲಿರುವಾಗ ಹೀಗೆ ತಿರುಗಿಬಂದ ಅರ್ಜಿಯ ಮೇಲೆ ರಜೆ ಮುಗಿದೇ ಹೋಗುವುದುಂಟು.

ಮುಂದಿನ ಪ್ರಶ್ನೆ ಯಾವ ರಜೆ ಎಂಬುದು. ಗಳಿಕೆ ರಜೆ ಎರಡೇ ದಿನ ಉಳಿದಿದೆ. ಅದನ್ನು 20 ಮತ್ತು 21ಕ್ಕೆ ಹಾಕಿ, 22ರಿಂದ 26ರವರೆಗಿನ ಐದು ದಿನಕ್ಕೆ ಅರ್ಧವೇತನ ರಜೆ ಕೇಳಬಹುದು. ಬೇರೆ ಬೇರೆ ಬಗೆಯ ರಜೆಗಳನ್ನು ಒಂದರ ಬೆನ್ನಿಗೆ ಇನ್ನೊಂದು ಕೊಡಲು ಅಡ್ಡಿಯಿಲ್ಲ, ಅರ್ಧವೇತನ ರಜೆಗೆ ನೌಕರರೇ ಕಾಯಿಲೆ ಬಿದ್ದಿರಬೇಕೆಂದೂ ಇಲ್ಲ. ಲೆಕ್ಕಕ್ಕೆ ಸುಲಭವಾಗಲೆಂದು ಮೂಲವೇತನ 45,000 ರೂಪಾಯಿ ಎಂದಿಟ್ಟುಕೊಂಡರೆ 30 ದಿನದ ಸೆಪ್ಟೆಂಬರ್‌ನಲ್ಲಿ ದಿನಕ್ಕೆ 1,500. ಐದು ದಿನದ ಅರ್ಧವೇತನ ರಜೆಯಲ್ಲಿ ಮೂಲವೇತನದಲ್ಲಿ ಕೈತಪ್ಪುವುದು 3,750 ರೂಪಾಯಿ, ತುಟ್ಟಿಭತ್ಯೆ ಅದರ ಅನುಪಾತದಲ್ಲಿ ಕಡಿಮೆಯಾಗುತ್ತದೆ. ಇದೇ ಏಳು ದಿನ ಮಂಜೂರಾಗದೆ 25ನೇ ನಿಯಮಕ್ಕೆ ಸಿಕ್ಕಿದರೆ ಮೂಲವೇತನದಲ್ಲೇ 10,500 ಹೋಗುತ್ತದೆ, ಜೊತೆಗೆ ಏಳು ದಿನದ ಅರ್ಧವೇತನ ರಜೆಯೂ ಖಾತೆಯಿಂದ ಹೋಗುತ್ತದೆ.

ಸಾಂದರ್ಭಿಕ ರಜೆ ಇದೆಯಲ್ಲ, ಅದನ್ನೇ ಸೇರಿಸಿದರಾಯಿತು ಎಂದು ಅನಿಸಬಹುದು. ಆಗುವುದಿಲ್ಲ. ಸಾಂದರ್ಭಿಕ ರಜೆಯನ್ನು ಗಳಿಕೆ ರಜೆಗೆ ಅಂಟಿಸುವಂತಿಲ್ಲ. ನಡುವೆ ಒಂದು ದಿನವಾದರೂ ಕೆಲಸಕ್ಕೆ ಹಾಜರಾಗಬೇಕು. ತಮ್ಮ ಅಂಗಡಿ ಮುಚ್ಚಿ ಒಂದು ದಿನ ತಾಯಿಯ ಬಳಿ ಇರುವಂತಿದ್ದರೆ ಅದಕ್ಕೂ ಒಂದು ದಾರಿ ಇದೆ. 21ರ ಭಾನುವಾರ ರಾತ್ರಿ ರೈಲು ಹತ್ತಿ, ಸೋಮವಾರ 22ರಂದು ಕಚೇರಿಯಲ್ಲಿ ಹಾಜರಾಗಿ, ಅಲ್ಲೇ ಮಂಗಳವಾರದಿಂದ ಶುಕ್ರವಾರದವರೆಗೆ ನಾಲ್ಕು ದಿನ ಸಾಂದರ್ಭಿಕ ರಜೆ ಮಂಜೂರು ಮಾಡಿಸಿಕೊಂಡು ರಾತ್ರಿ ಮತ್ತೆ ಹುಬ್ಬಳ್ಳಿಗೆ ಹೊರಡುವುದು. ಸಂಬಳದಲ್ಲಿ ಒಂದು ಪೈಸೆ ಕಡಿತವಿಲ್ಲ, 20 ಮತ್ತು 21 ಮೊದಲಿನಂತೆ ರಜಾದಿನಗಳಾಗಿಯೇ ಉಳಿಯುತ್ತವೆ. ತೆರಬೇಕಾದ ಬೆಲೆ ಎರಡು ರಾತ್ರಿಯ ಪ್ರಯಾಣ, ಜೊತೆಗೆ ಗೊಂದಲದಲ್ಲಿರುವ ತಾಯಿಯಿಂದ ಒಂದಿಡೀ ಹಗಲು ದೂರ ಇರುವುದು. ಆಕೆ ಯಾವುದನ್ನು ಆರಿಸಿಕೊಂಡರೂ ಅದು ಆಕೆಯ ಮನೆಯ ಪರಿಸ್ಥಿತಿ. ಆದರೆ ಹೀಗೊಂದು ದಾರಿ ಇದೆಯೆಂದು ಎಷ್ಟೋ ನೌಕರರಿಗೆ ಗೊತ್ತೇ ಇರುವುದಿಲ್ಲ, ಅವರಿಗೆ ಅದನ್ನು ಹೇಳುವವರೂ ಇರುವುದಿಲ್ಲ.

ಇನ್ನೊಂದು ದಾರಿಯನ್ನು ಮಾತ್ರ ಹಿಡಿಯಬಾರದು. ‘ನಿನಗೇ ಹುಷಾರಿಲ್ಲ ಅಂತ ಒಂದು ಸರ್ಟಿಫಿಕೇಟ್ ತಂದುಬಿಡು, ಪೂರ್ತಿ ಸಂಬಳ ಬರುತ್ತೆ’ ಎಂಬ ಸಲಹೆ ಕಚೇರಿಯಿಂದಲೇ ಬರುವುದುಂಟು. ವೈದ್ಯಕೀಯ ಪ್ರಮಾಣಪತ್ರದ ಮೇಲೆ ಸಿಗುವ ಪರಿವರ್ತಿತ ರಜೆಗೆ ಪೂರ್ಣ ವೇತನ ಇರುತ್ತದೆ, ಖಾತೆಯಿಂದ ಎರಡು ಪಟ್ಟು ಅರ್ಧವೇತನ ರಜೆ ಕಳೆಯುತ್ತದೆ, ನಿಜ. ಆದರೆ ಅದು ನೌಕರರ ಸ್ವಂತ ಅನಾರೋಗ್ಯಕ್ಕಿರುವ ರಜೆ, ತಾಯಿಯ ಕಾಯಿಲೆಗೆ ಸಿಗುವುದಿಲ್ಲ. ಅದನ್ನು ಪಡೆದವರು ಕೆಲಸಕ್ಕೆ ಮರಳುವಾಗ ತಾವು ಗುಣಮುಖರಾಗಿದ್ದೇವೆಂಬ ಪ್ರಮಾಣಪತ್ರವನ್ನೂ ತರಬೇಕು. ಅಂದರೆ ಒಂದು ಸುಳ್ಳು ಕಾಗದವನ್ನು ಉಳಿಸಲು ಇನ್ನೊಂದು. ಮೊದಲ 12 ದಿನದ ಅರ್ಜಿಯಲ್ಲಿ ‘ತಾಯಿ ಆಸ್ಪತ್ರೆಯಲ್ಲಿದ್ದಾರೆ’ ಎಂದು ಬರೆದು, ಮುಂದಿನ ವಾರ ‘ನನಗೆ ವಿಷಮಶೀತ ಜ್ವರ’ ಎಂದು ಬರೆದರೆ ಆ ಎರಡು ಕಾಗದಗಳು ಒಂದೇ ಕಡತದಲ್ಲಿ ಅಕ್ಕಪಕ್ಕ ಕೂರುತ್ತವೆ. ನಿಜವಾದ ಕಾರಣಕ್ಕೆ ಮಾನವೀಯವಾಗಿ ಸಿಗಬಹುದಾಗಿದ್ದ ಒಂದು ವಾರ, ಸಿಕ್ಕಿಬಿದ್ದರೆ ನಡತೆಯ ಪ್ರಕರಣವಾಗುತ್ತದೆ.

ಆಸ್ಪತ್ರೆಯಿಂದ ಯಾವ ಕಾಗದ ತರಬೇಕು ಎಂಬಲ್ಲಿ ಇನ್ನೊಂದು ತೊಡಕು. ಕಚೇರಿಗಳು ಸಾಮಾನ್ಯವಾಗಿ ಕೇಳುವುದು ಡಿಸ್ಚಾರ್ಜ್ ಸಮರಿ. ಅದು ಸಿಗುವುದು ರೋಗಿ ಮನೆಗೆ ಹೊರಟ ದಿನ. ರಜೆ ಮುಂದುವರಿಸಬೇಕಾಗಿರುವುದೇ ರೋಗಿ ಇನ್ನೂ ಹೊರಟಿಲ್ಲವೆಂದು. ಹಾಗಾಗಿ ಕೇಳಬೇಕಾದದ್ದು, ರೋಗಿ ಸದ್ಯ ಒಳರೋಗಿಯಾಗಿ ಚಿಕಿತ್ಸೆಯಲ್ಲಿದ್ದಾರೆ ಎಂದು ಚಿಕಿತ್ಸೆ ನೀಡುತ್ತಿರುವ ವೈದ್ಯರು ಆಸ್ಪತ್ರೆಯ ಲೆಟರ್‌ಹೆಡ್‌ನಲ್ಲಿ ಬರೆದುಕೊಡುವ ನಾಲ್ಕು ಸಾಲಿನ ಪತ್ರ. ರೋಗಿಯ ಹೆಸರು, ಒಳರೋಗಿ ಸಂಖ್ಯೆ, ದಾಖಲಾದ ದಿನ, ಅಂದಾಜು ಇನ್ನೆಷ್ಟು ದಿನ ಬೇಕು, ಜೊತೆಯಲ್ಲಿ ಒಬ್ಬರು ಇರಬೇಕು ಎಂಬ ಮಾತು, ವೈದ್ಯರ ಸಹಿ, ಮೊಹರು, ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ. ಇಷ್ಟು ಸಾಕು. ರಕ್ತಪರೀಕ್ಷೆಯ ವರದಿ, ಎಕ್ಸ್‌ರೇ, ಕೇಸ್ ಶೀಟಿನ ಫೋಟೊಗಳನ್ನೆಲ್ಲ ಕಚೇರಿಗೆ ಕಳಿಸುವ ಅಗತ್ಯವಿಲ್ಲ. ತಾಯಿಯ ದೇಹದ ವಿವರಗಳು ಹತ್ತು ಜನರ ಫೋನಿನಲ್ಲಿ ಓಡಾಡಬೇಕಾಗಿಲ್ಲ. ಈ ಪತ್ರವನ್ನು ಬೆಳಗಿನ ರೌಂಡ್ಸ್ ವೇಳೆ ವೈದ್ಯರನ್ನೇ ಕೇಳಿಬಿಡುವುದು ಒಳ್ಳೆಯದು. ಮಧ್ಯಾಹ್ನ ಅವರು ಶಸ್ತ್ರಚಿಕಿತ್ಸೆಯಲ್ಲಿರುತ್ತಾರೆ, ಸಂಜೆ ಹೊತ್ತಿಗೆ ಮೊಹರು ಹಾಕುವ ಕೌಂಟರ್ ಮುಚ್ಚಿರಬಹುದು.

ವೈದ್ಯರ ಬಾಯಿಂದ ಅಂದಾಜು ದಿನಾಂಕ ಹೊರಡಿಸುವುದೂ ಒಂದು ಕೆಲಸವೇ. ‘ಯಾವಾಗ ಕಳಿಸ್ತೀರಿ ಡಾಕ್ಟ್ರೇ?’ ಎಂದರೆ ‘ನೋಡೋಣ’ ಎನ್ನುತ್ತಾರೆ, ಅವರನ್ನು ದೂರುವಂತಿಲ್ಲ. ‘ಎಲ್ಲ ಸರಿಹೋದರೆ ಯಾವಾಗ, ಕಲ್ಚರ್ ವರದಿಯಲ್ಲಿ ಗಟ್ಟಿ ಸೋಂಕು ಬಂದರೆ ಯಾವಾಗ?’ ಎಂದು ಕೇಳಿದರೆ ಎರಡು ತಾರೀಖು ಸಿಗುತ್ತವೆ. ನಮ್ಮ ಉದಾಹರಣೆಯಲ್ಲಿ ಅವು 22 ಮತ್ತು 24. ಮಗಳು ಎರಡನೆಯದನ್ನು ಹಿಡಿದು, ಮನೆಗೆ ಹೋದ ಮೇಲೆ ವಾಕರ್ ಹಿಡಿಸಿ ನಡೆಸಲು, ಹಗಲು ನೋಡಿಕೊಳ್ಳುವವರನ್ನು ಗೊತ್ತುಮಾಡಲು ಎರಡು ದಿನ ಸೇರಿಸಿ 26 ಎಂದು ಬರೆದದ್ದು ಸರಿಯಾದ ಲೆಕ್ಕ.

ಎರಡೆರಡು ದಿನ ಮುಂದುವರಿಸುತ್ತ ಹೋಗುವವರು ತಾವು ಕಡಿಮೆ ಕೇಳುತ್ತಿದ್ದೇವೆ, ಕಚೇರಿಗೆ ಉಪಕಾರವಾಗುತ್ತದೆ ಎಂದುಕೊಂಡಿರುತ್ತಾರೆ. ಆಗುವುದು ಬೇರೆ. ಅವರ ಮೇಜಿನ ಕೆಲಸ ಮಾಡುತ್ತಿರುವ ಸಹೋದ್ಯೋಗಿಗೆ ನಾಳೆಯೂ ತಾನೇ ಮಾಡಬೇಕೋ ಬೇಡವೋ ಗೊತ್ತಾಗುವುದಿಲ್ಲ, ಅಧಿಕಾರಿ ಪ್ರತಿ ಸಲವೂ ಹೊಸ ಆದೇಶ ಹೊರಡಿಸಬೇಕು, ನಾಲ್ಕನೆಯ ಅರ್ಜಿಯ ಹೊತ್ತಿಗೆ ನಿಜವಾದ ಕಾರಣವೂ ನೆಪದಂತೆ ಕೇಳಿಸತೊಡಗುತ್ತದೆ. ಒಂದೇ ಸಲ, ವೈದ್ಯರ ಹೊರಗಿನ ಅಂದಾಜಿನವರೆಗೆ ಕೇಳುವುದು ಎಲ್ಲರಿಗೂ ಒಳಿತು. ತಾಯಿ ಬೇಗ ಚೇತರಿಸಿಕೊಂಡರೆ? ರಜೆ ಮುಗಿಯುವ ಮೊದಲೇ ಕೆಲಸಕ್ಕೆ ಮರಳಬಹುದು. ಅದಕ್ಕೂ ರಜೆ ಕೊಟ್ಟ ಅಧಿಕಾರಿಯ ಅನುಮತಿ ಬೇಕೆಂದು 24ನೇ ನಿಯಮ ಹೇಳುತ್ತದೆ, ಆದರೆ ಬೇಗ ಬರುತ್ತೇನೆ ಎಂದವರಿಗೆ ಬೇಡ ಎನ್ನುವ ಅಧಿಕಾರಿ ಅಪರೂಪ.

ಅರ್ಜಿಯ ಭಾಷೆ ಸರಳವಾಗಿರಲಿ. ‘ನನಗೆ 8-9-2025ರಿಂದ 19-9-2025ರವರೆಗೆ ಮಂಜೂರಾಗಿರುವ 12 ದಿನಗಳ ಗಳಿಕೆ ರಜೆಯ ಮುಂದುವರಿಕೆಯಾಗಿ, 20 ಮತ್ತು 21ರಂದು ಎರಡು ದಿನ ಗಳಿಕೆ ರಜೆ ಹಾಗೂ 22ರಿಂದ 26ರವರೆಗೆ ಐದು ದಿನ ಅರ್ಧವೇತನ ರಜೆ ನೀಡಬೇಕೆಂದೂ, 27 ಮತ್ತು 28ರ ರಜಾದಿನಗಳನ್ನು ಬಳಸಿಕೊಳ್ಳಲು ಅನುಮತಿಸಬೇಕೆಂದೂ ಕೋರುತ್ತೇನೆ. ಶಸ್ತ್ರಚಿಕಿತ್ಸೆಯ ನಂತರ ನನ್ನ ತಾಯಿಗೆ ಸೋಂಕು ಉಂಟಾಗಿ ಒಳರೋಗಿಯಾಗಿ ಮುಂದುವರಿದಿದ್ದಾರೆ, ವೈದ್ಯರ ಪತ್ರ ಲಗತ್ತಿಸಿದೆ. 29ರ ಸೋಮವಾರ ಕೆಲಸಕ್ಕೆ ಹಾಜರಾಗುತ್ತೇನೆ.’ ರಜೆಯಲ್ಲಿರುವಾಗಿನ ವಿಳಾಸ, ಫೋನ್ ಸಂಖ್ಯೆ, ಮೊದಲ ಮಂಜೂರಾತಿ ಆದೇಶದ ಸಂಖ್ಯೆ ಜೊತೆಗಿದ್ದರೆ ಕಚೇರಿಯಲ್ಲಿ ಯಾರೂ ಏನನ್ನೂ ಹುಡುಕಬೇಕಾಗಿಲ್ಲ. ಕೈಯಲ್ಲಿ ಬಾಕಿ ಇದ್ದ ಕಡತ ಯಾವುದು, ಯಾರಿಗೆ ಒಪ್ಪಿಸಿದ್ದೀರಿ ಎಂದು ಎರಡು ಸಾಲು ಸೇರಿಸಿದರೆ ಅಧಿಕಾರಿಗೆ ಹೂಂ ಎನ್ನಲು ಅನುಕೂಲ.

ಇದನ್ನು ಯಾರಿಗೆ ಕಳಿಸಬೇಕು ಎಂಬಲ್ಲಿ ಹಲವರು ಎಡವುತ್ತಾರೆ. ದಿನವೂ ಮಾತಾಡುವ ಮೇಲ್ವಿಚಾರಕರು ಬೇರೆ, ರಜೆ ಮಂಜೂರು ಮಾಡುವ ಅಧಿಕಾರ ಇರುವವರು ಬೇರೆ ಆಗಿರಬಹುದು. ‘ಸಾರ್, ಅಮ್ಮಂಗೆ ಇನ್ನೂ ಹುಷಾರಾಗಿಲ್ಲ’ ಎಂದಾಗ ಮೇಲ್ವಿಚಾರಕರು ಪ್ರೀತಿಯಿಂದ ‘ನೋಡ್ಕೊಳ್ಳಿ ಮೇಡಂ, ನಾನು ಹೇಳ್ತೀನಿ’ ಎಂದಿರುತ್ತಾರೆ. ಅವರು ಹೇಳುವುದು ಮರೆತರೆ, ಅಥವಾ ಅವರೇ ಮರುದಿನ ರಜೆ ಹಾಕಿದರೆ, ಕಚೇರಿಯ ದಾಖಲೆಯಲ್ಲಿ ಏನೂ ಇರುವುದಿಲ್ಲ. ಕಚೇರಿಯ ರಜೆ ತಂತ್ರಾಂಶದಲ್ಲಿ ಅಥವಾ ಇಮೇಲ್‌ನಲ್ಲಿ ಅರ್ಜಿ ಹೋಗಬೇಕು, ಫೋನು ಅದರ ಬೆನ್ನಿಗೆ ಬರಬೇಕು. ಉತ್ತರ ಬಾರದಿರುವುದು ಒಪ್ಪಿಗೆಯಲ್ಲ. 19ರ ಮಧ್ಯಾಹ್ನದೊಳಗೆ ಆದೇಶ ಬರದಿದ್ದರೆ ಮತ್ತೆ ವಿಚಾರಿಸಿ, ಯಾರೊಂದಿಗೆ ಎಷ್ಟು ಹೊತ್ತಿಗೆ ಮಾತಾಡಿದೆ ಎಂದು ಅದೇ ಇಮೇಲ್‌ಗೆ ಒಂದು ಸಾಲು ಸೇರಿಸಿಡಬೇಕು.

ಅಧಿಕಾರಿ ಆಗುವುದಿಲ್ಲ ಎನ್ನಬಹುದೇ? ಎನ್ನಬಹುದು. ರಜೆ ಹಕ್ಕಲ್ಲ ಎಂದು 7ನೇ ನಿಯಮ ಸ್ಪಷ್ಟವಾಗಿ ಹೇಳುತ್ತದೆ, ಸಾರ್ವಜನಿಕ ಸೇವೆಯ ಅಗತ್ಯವಿದ್ದರೆ ನಿರಾಕರಿಸಬಹುದು. ಅದೇ ನಿಯಮ ಅಧಿಕಾರಿಯ ಕೈಯನ್ನೂ ಒಂದು ಕಡೆ ಕಟ್ಟಿದೆ: ನೌಕರರು ಲಿಖಿತವಾಗಿ ಕೇಳದೆ, ಅವರು ಬಯಸಿದ ಬಗೆಯ ರಜೆಯನ್ನು ಇನ್ನೊಂದು ಬಗೆಗೆ ಬದಲಿಸುವಂತಿಲ್ಲ. ಅರ್ಧವೇತನ ರಜೆ ಕೇಳಿದವರಿಗೆ ತಾವಾಗಿಯೇ ‘ಸಂಬಳವಿಲ್ಲದ ರಜೆ’ ಎಂದು ಬರೆದುಬಿಡುವಂತಿಲ್ಲ.

ವಿಸ್ತರಣೆ ಸಿಗದೆ ಉಳಿದುಕೊಂಡವರನ್ನು ಸೀದಾ ಕೆಲಸದಿಂದ ತೆಗೆಯುವ ಪದ್ಧತಿ ಒಂದು ಕಾಲದಲ್ಲಿತ್ತು. ಅದಕ್ಕೆ ತಡೆ ಬಿದ್ದ ಮೊದಲ ದೊಡ್ಡ ಪ್ರಕರಣಗಳಲ್ಲಿ ಒಂದು ರಜೆ ವಿಸ್ತರಣೆಯದ್ದೇ. ಜೋಧಪುರದ ಸೆರೆಮನೆಯ ಹೆಡ್ ವಾರ್ಡರ್ ಜೈ ಶಂಕರ್ 1950ರಲ್ಲಿ ಎರಡು ತಿಂಗಳ ರಜೆ ಮೇಲೆ ಹೋದರು. ಸ್ವಂತ ಅನಾರೋಗ್ಯದಿಂದ ಮತ್ತೆ ಮತ್ತೆ ವಿಸ್ತರಣೆ ಕೇಳಿದರು. ರಜೆ ಮುಗಿದು ಒಂದು ತಿಂಗಳು ಅನುಮತಿಯಿಲ್ಲದೆ ಗೈರಾದವರು ತಮ್ಮ ಹುದ್ದೆಯನ್ನು ತಾವೇ ತ್ಯಜಿಸಿದಂತೆ ಎಂಬ ಸ್ಥಳೀಯ ನಿಯಮದ ಬಲದಿಂದ ಅವರನ್ನು ಕೆಲಸದಿಂದ ಬಿಡಿಸಿದರು. ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಹಾಗೆ ಬಿಡಿಸುವುದೂ ವಜಾ ಮಾಡಿದಂತೆಯೇ, ಸಂವಿಧಾನದ 311ನೇ ವಿಧಿಯಂತೆ ನೌಕರನಿಗೆ ತನ್ನ ಮಾತು ಹೇಳಲು ಅವಕಾಶ ಕೊಡಲೇಬೇಕು ಎಂದಿತು. 2012ರಲ್ಲಿ ಕೃಷ್ಣಕಾಂತ್ ಪರ್ಮಾರ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅನುಮತಿಯಿಲ್ಲದ ಗೈರುಹಾಜರಿಯೆಲ್ಲ ಉದ್ದೇಶಪೂರ್ವಕವಲ್ಲ, ಅನಾರೋಗ್ಯ, ಅಪಘಾತ, ಆಸ್ಪತ್ರೆವಾಸದಂಥ ಕೈಮೀರಿದ ಕಾರಣಗಳೂ ಇರಬಹುದು, ಉದ್ದೇಶಪೂರ್ವಕ ಎಂಬುದನ್ನು ವಿಚಾರಣೆಯಲ್ಲಿ ಸಾಬೀತು ಮಾಡದೆ ದುರ್ನಡತೆ ಎನ್ನಲಾಗದು ಎಂದಿತು. ವಾರ್ಡಿನಿಂದ ಕಳಿಸಿದ ಇಮೇಲಿನ ನಿಜವಾದ ಬೆಲೆ ಇಲ್ಲಿ ತಿಳಿಯುತ್ತದೆ. ರಜೆ ಸಿಗದೆ ಹೋದರೂ, ಹೇಳದೆ ಕೇಳದೆ ಉಳಿದವಳಲ್ಲ ಎಂಬುದಕ್ಕೆ ಅದೇ ಸಾಕ್ಷಿ.

ಕಾರ್ಖಾನೆಗಳಲ್ಲಿ ಇದರ ಗಡುವು ಇನ್ನೂ ಬಿಗಿ. 1946ರ ಕಾಯ್ದೆಯಡಿ ದಶಕಗಳ ಕಾಲ ನಡೆದುಬಂದ ಮಾದರಿ ಸ್ಥಾಯಿ ಆದೇಶಗಳಲ್ಲಿ, ರಜೆಯ ಮೇಲೆ ಹೋದ ಕಾರ್ಮಿಕ ವಿಸ್ತರಣೆ ಕೇಳಿದರೆ, ವಿಳಾಸ ಗೊತ್ತಿದ್ದು ರಜೆ ಮುಗಿಯುವ ಮೊದಲು ತಲುಪುವಂತಿದ್ದರೆ, ಮಾಲೀಕರು ಲಿಖಿತ ಉತ್ತರ ಕಳಿಸಬೇಕೆಂದಿತ್ತು. ರಜೆ ಮುಗಿದು ಎಂಟು ದಿನದೊಳಗೆ ಮರಳಿ, ತಡವಾದದ್ದಕ್ಕೆ ಒಪ್ಪುವಂಥ ಕಾರಣ ಹೇಳದಿದ್ದರೆ ಕೆಲಸದ ಮೇಲಿನ ಹಕ್ಕು ಹೋಗುತ್ತಿತ್ತು. ಆ ಎಂಟು ದಿನದ ನಿಯಮವನ್ನೇ ಹಿಡಿದು ವಿಚಾರಣೆಯಿಲ್ಲದೆ ಹೆಸರು ಹೊಡೆದುಹಾಕುವುದು ನ್ಯಾಯವಲ್ಲ ಎಂದು 1993ರಲ್ಲಿ ಡಿ.ಕೆ. ಯಾದವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿ, ಕಾರ್ಮಿಕನನ್ನು ಅರ್ಧ ಹಿಂಬಾಕಿ ವೇತನದೊಂದಿಗೆ ಮರಳಿ ಕೆಲಸಕ್ಕೆ ಸೇರಿಸಿತು. ಆದರೆ ಅದಕ್ಕಾಗಿ ಆತ ಹನ್ನೆರಡು ವರ್ಷ ಕಾಯಬೇಕಾಯಿತು. ಈಗ ಆ ಕಾಯ್ದೆಯ ಜಾಗಕ್ಕೆ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ, ಹಾಗಾಗಿ ತಮ್ಮ ಕಾರ್ಖಾನೆಯಲ್ಲಿ ಈಗ ಯಾವ ಆದೇಶ ಚಾಲ್ತಿಯಲ್ಲಿದೆ ಎಂದು ಕಾರ್ಮಿಕರು ಒಮ್ಮೆ ಓದಿಟ್ಟುಕೊಳ್ಳಬೇಕು. ಖಾಸಗಿ ಕಂಪನಿಗಳು ತಂದೆ ತಾಯಿಯ ಆಸ್ಪತ್ರೆವಾಸಕ್ಕೆಂದೇ ಪ್ರತ್ಯೇಕ ರಜೆ ಕೊಡಬೇಕೆಂಬ ಕೇಂದ್ರ ಕಾನೂನು ನಮ್ಮಲ್ಲಿಲ್ಲ. ಅಲ್ಲಿ ನೇಮಕಾತಿ ಪತ್ರ ಮತ್ತು ಕಂಪನಿಯ ರಜೆ ನೀತಿಯೇ ಆಧಾರ.

ಎಲ್ಲಕ್ಕಿಂತ ಕಠಿಣ ಸೇನೆಯಲ್ಲಿ. ಕೊಡಗಿನ, ಬೆಳಗಾವಿಯ ಮನೆಗಳಲ್ಲಿ ಇದು ಹೊಸ ಮಾತಲ್ಲ. 1950ರ ಸೇನಾ ಕಾಯ್ದೆಯ 39ನೇ ಕಲಮಿನಂತೆ ಸಾಕಷ್ಟು ಕಾರಣವಿಲ್ಲದೆ ರಜೆ ಮೀರಿ ಉಳಿಯುವುದು ಅಪರಾಧ, ಮೂರು ವರ್ಷದವರೆಗೆ ಸೆರೆವಾಸ ಆಗಬಹುದು. ‘ಸಾಕಷ್ಟು ಕಾರಣ’ ಇತ್ತೆಂದು ತೋರಿಸಲು ಸೈನಿಕನ ಕೈಯಲ್ಲಿ ತಾರೀಖು ಇರುವ ಕಾಗದ ಬೇಕು. 2013ರ ಜುಲೈನಲ್ಲಿ ನಿಂತುಹೋಗುವವರೆಗೂ ಟೆಲಿಗ್ರಾಂ ಸೈನಿಕರ ರಜೆಯ ವಿಷಯದಲ್ಲಿ ಬಳಕೆಯಲ್ಲಿದ್ದದ್ದು ಈ ಕಾರಣಕ್ಕೆ. ಅದರ ಮೇಲೆ ಕಳಿಸಿದ ಊರು, ದಿನ, ಹೊತ್ತು ಎಲ್ಲವೂ ಸರ್ಕಾರಿ ಅಚ್ಚಿನಲ್ಲಿರುತ್ತಿತ್ತು.

ನಮ್ಮ ಉದಾಹರಣೆಗೆ ಮರಳಿದರೆ, ಕಲ್ಚರ್ ವರದಿ 19ರಂದು ಬರುತ್ತದೆ, ಸೋಡಿಯಂ 22ರ ಹೊತ್ತಿಗೆ ಸರಿಹೋಗುತ್ತದೆ, 24ರಂದು ಡಿಸ್ಚಾರ್ಜ್. ವಿಮೆಯಿದ್ದರೆ ಡಿಸ್ಚಾರ್ಜ್ ಕೋರಿಕೆ ಬಂದ ಮೂರು ಗಂಟೆಯೊಳಗೆ ವಿಮಾ ಕಂಪನಿ ಅಂತಿಮ ಒಪ್ಪಿಗೆ ಕೊಡಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ ಹೇಳಿದೆ. ಆದರೂ ಬಿಲ್ಲು, ಔಷಧಿ ವಾಪಸಾತಿ, ಆ್ಯಂಬುಲೆನ್ಸ್ ಎಲ್ಲ ಮುಗಿಯುವಾಗ ದಿನ ಕಳೆದಿರುತ್ತದೆ. ಡಿಸ್ಚಾರ್ಜ್ ದಿನವನ್ನು ಯಾರೂ ಮನೆಯ ದಿನವೆಂದು ಎಣಿಸಬಾರದು. 29ರ ಸೋಮವಾರ ಮಗಳು ಕಚೇರಿಗೆ ಬಂದು ಹಾಜರಾತಿ ವರದಿ ಕೊಡುತ್ತಾಳೆ, ಈಗ ಕೈಯಲ್ಲಿರುವ ಡಿಸ್ಚಾರ್ಜ್ ಸಮರಿಯ ಮೊದಲ ಪುಟದ ಪ್ರತಿಯನ್ನು ಅದಕ್ಕೆ ಲಗತ್ತಿಸುತ್ತಾಳೆ.

ಇಷ್ಟಾದ ಮೇಲೂ ಒಂದು ಕೆಲಸ ಉಳಿಯುತ್ತದೆ. ಮುಂದಿನ ಸಂಬಳದ ಚೀಟಿ ಬಂದಾಗ ಅದನ್ನು ರಜೆ ಖಾತೆಯ ಪಕ್ಕದಲ್ಲಿಟ್ಟು ನೋಡಬೇಕು. ಗಳಿಕೆ ರಜೆ 14 ದಿನ, ಅರ್ಧವೇತನ ರಜೆ 5 ದಿನ ಖರ್ಚಾಗಿರಬೇಕು, ಅದಕ್ಕಿಂತ ಹೆಚ್ಚಲ್ಲ. ಆಯ್ದ ರಜೆಯ ಬಗೆ ತನಗೆ ಸರಿಹೊಂದಲಿಲ್ಲ ಎನಿಸಿದರೆ, ಪಡೆದ ರಜೆಯನ್ನು ಆಗ ಅರ್ಹವಾಗಿದ್ದ ಇನ್ನೊಂದು ಬಗೆಗೆ ಪರಿವರ್ತಿಸಿಕೊಡಿ ಎಂದು 10ನೇ ನಿಯಮದಡಿ ಕೇಳಬಹುದು. ಅದೂ ಅಧಿಕಾರಿಯ ವಿವೇಚನೆಗೆ ಬಿಟ್ಟದ್ದು, ಮತ್ತು ರಜೆ ಮುಗಿದು ಕೆಲಸಕ್ಕೆ ಹಾಜರಾದ 30 ದಿನದೊಳಗೆ ಅರ್ಜಿ ತಲುಪಿರಬೇಕು. ಈಕೆಯ ವಿಷಯದಲ್ಲಿ ಆ ಗಡುವು ಅಕ್ಟೋಬರ್ 29, ಅದು ಬುಧವಾರ. ಅರ್ಜಿ ಕೊಡುವುದಿದ್ದರೆ ಅಂದು ಸಂಜೆಯೊಳಗೆ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಬೇಕು.